ಎಸ್‌ಐಪಿಯಿಂದ ಒಂದಿಷ್ಟು ಹಣ ತೆಗೆದಾಗ ಲಾಭ ಎಷ್ಟು? ಆ್ಯಪ್‌ನ ಲೆಕ್ಕ ಬೇರೆ, ತೆರಿಗೆಯ ಲೆಕ್ಕ ಬೇರೆ

2025ರ ಆಗಸ್ಟ್‌ನಲ್ಲಿ ಸ್ನೇಹಿತನೊಬ್ಬ ಫೋನ್ ಮಾಡಿದ. ಮ್ಯೂಚುವಲ್ ಫಂಡ್‌ನಿಂದ 23,200 ರೂಪಾಯಿ ತೆಗೆದಿದ್ದ. ಆ್ಯಪ್ ತೆರೆದರೆ 17 ಪರ್ಸೆಂಟ್ ಲಾಭ ಅಂತ ಹಸಿರು ಬಣ್ಣದಲ್ಲಿ ಕಾಣುತ್ತಿತ್ತಂತೆ. ಹಾಗಾಗಿ 23,200ಕ್ಕೆ 17 ಪರ್ಸೆಂಟ್ ಹಾಕಿ, 3,944 ರೂಪಾಯಿ ಲಾಭ ಅಂತ ಬರೆದಿಟ್ಟುಕೊಂಡಿದ್ದ. "ಸರಿ ತಾನೇ ಮಾರಾಯ?" ಅಂತ ಕೇಳಿದ.

ಸರಿಯಿಲ್ಲ. ಅದೂ ಎರಡು ಕಡೆ ತಪ್ಪು. ಮೊದಲನೆಯದು ಸಣ್ಣದು: 17 ಪರ್ಸೆಂಟ್ ಅನ್ನೋದು ಹಾಕಿದ ಹಣದ ಮೇಲಿನ ಲಾಭ, ಕೈಗೆ ಬಂದ ಹಣದ ಮೇಲಿನದಲ್ಲ. ಎರಡನೆಯದು ದೊಡ್ಡದು. ಆ 17 ಪರ್ಸೆಂಟ್ ಬಂದಿರುವುದು ಹದಿನೈದು ತಿಂಗಳ ಎಲ್ಲ ಕಂತುಗಳನ್ನೂ ಒಟ್ಟಿಗೆ ಕಲಸಿ ಸರಾಸರಿ ತೆಗೆದಾಗ. ತೆರಿಗೆಗೆ ಈ ಸರಾಸರಿ ಬೇಡವೇ ಬೇಡ. ಅದಕ್ಕೆ ಬೇಕಾಗಿರೋದು ಮಾರಿದ್ದು ಯಾವ ಯೂನಿಟ್, ಅದನ್ನು ಎಂದು ಕೊಂಡಿದ್ದು, ಎಷ್ಟಕ್ಕೆ ಕೊಂಡಿದ್ದು ಅನ್ನೋದು.

ಯೂನಿಟ್‌ಗೆಲ್ಲ ಹೆಸರು ಬರೆದಿರುತ್ತಾ ಅಂತ ಅವನು ನಕ್ಕ. ಹೆಸರಿಲ್ಲ, ಆದರೆ ತಾರೀಕಿದೆ. ನೀವು ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ನೋಡಲು ಒಂದೇ ಹೂಡಿಕೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಪ್ರತಿ ಕಂತೂ ಬೇರೆ ಬೇರೆ ಖರೀದಿ, ಅದಕ್ಕೆ ಅದರದ್ದೇ ದಿನ, ಅದರದ್ದೇ ಎನ್‌ಎವಿ, ಅಂದರೆ ಆ ದಿನ ಒಂದು ಯೂನಿಟ್‌ಗಿದ್ದ ಬೆಲೆ. ಮಾರುವಾಗ ಯಾವ ಕಂತಿನಿಂದ ತೆಗೀಲಿ ಅಂತ ನಿಮ್ಮನ್ನು ಯಾರೂ ಕೇಳುವುದಿಲ್ಲ. ಎಲ್ಲಕ್ಕಿಂತ ಹಳೆಯದು ಮೊದಲು ಹೋಗುತ್ತದೆ, ಅದು ಮುಗಿದರೆ ಅದರ ಮುಂದಿನದು. ಇದನ್ನೇ ಫಸ್ಟ್ ಇನ್ ಫಸ್ಟ್ ಔಟ್, ಚಿಕ್ಕದಾಗಿ ಫಿಫೊ ಅನ್ನೋದು. ಡಿಮ್ಯಾಟ್ ಖಾತೆಯಲ್ಲಿರುವ ಷೇರು, ಯೂನಿಟ್‌ಗಳಿಗೆ ಆದಾಯ ತೆರಿಗೆ ಕಾನೂನಿನಲ್ಲೇ ಈ ಮಾತು ಬರೆದಿದೆ. ಡಿಮ್ಯಾಟ್ ಇಲ್ಲದೆ ಫೋಲಿಯೊದಲ್ಲಿ, ಅಂದರೆ ಫಂಡ್ ಕಂಪನಿಯಲ್ಲೇ ಇರುವ ನಿಮ್ಮ ಖಾತೆಯಲ್ಲಿ, ಇಟ್ಟುಕೊಂಡಿರುವ ಯೂನಿಟ್‌ಗಳಿಗೂ ಫಂಡ್ ಕಂಪನಿಗಳು, ಅವುಗಳ ಲೆಕ್ಕ ಇಡುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್, ಇದೇ ಕ್ರಮದಲ್ಲಿ ಲೆಕ್ಕ ಮಾಡುತ್ತವೆ.

ಈಗ ಅವನ ಲೆಕ್ಕವನ್ನೇ ಬಿಚ್ಚಿ ನೋಡೋಣ. ಅಂಕಿಗಳು ಸಲೀಸಾಗಿರಲಿ ಅಂತ ದುಂಡಗೆ ಮಾಡಿದ್ದೇನೆ.

ಅದು ಷೇರುಗಳಲ್ಲಿ ಹಣ ಹಾಕುವ ಈಕ್ವಿಟಿ ಫಂಡ್. ತಿಂಗಳಿಗೆ 6,000 ರೂಪಾಯಿ, ಪ್ರತಿ 10ನೇ ತಾರೀಕು. 2024ರ ಜೂನ್‌ನಲ್ಲಿ ಶುರು. 2025ರ ಆಗಸ್ಟ್ ಹೊತ್ತಿಗೆ ಹದಿನೈದು ಕಂತು, ಒಟ್ಟು 90,000 ರೂಪಾಯಿ. ಮೊದಲ ನಾಲ್ಕು ಕಂತು ಹೀಗಿದ್ದವು:

| ಖರೀದಿ ದಿನ | ಎನ್‌ಎವಿ (ರೂ.) | ಯೂನಿಟ್ |
|---|---|---|
| 10 ಜೂನ್ 2024 | 50 | 120 |
| 10 ಜುಲೈ 2024 | 60 | 100 |
| 12 ಆಗಸ್ಟ್ 2024 | 50 | 120 |
| 10 ಸೆಪ್ಟೆಂಬರ್ 2024 | 62.50 | 96 |

ಮೂರನೇ ಸಾಲಿನಲ್ಲಿ 12 ಯಾಕೆ ಅಂದರೆ, 2024ರ ಆಗಸ್ಟ್ 10 ಶನಿವಾರ. ರಜೆ ಇದ್ದದ್ದರಿಂದ ಯೂನಿಟ್ ಸಿಕ್ಕಿದ್ದು ಸೋಮವಾರ. ಲೆಕ್ಕಕ್ಕೆ ಬರೋದು ಯೂನಿಟ್ ಸಿಕ್ಕ ದಿನ. ಎಸ್‌ಐಪಿ ಫಾರ್ಮ್‌ನಲ್ಲಿ ನೀವು ಬರೆದ ತಾರೀಕೂ ಅಲ್ಲ, ಬ್ಯಾಂಕಿನಿಂದ ಹಣ ಕಡಿತವಾದ ದಿನವೂ ಅಲ್ಲ.

ಇದಾದ ಮೇಲೆ ಎನ್‌ಎವಿ ಇಳಿಯುತ್ತಾ ಹೋಯಿತು. ಒಂದು ಹಂತದಲ್ಲಿ 40ಕ್ಕೂ ಬಂತು, ಆ ತಿಂಗಳುಗಳಲ್ಲಿ ಅದೇ 6,000ಕ್ಕೆ 150 ಯೂನಿಟ್ ಸಿಕ್ಕವು. ಆಮೇಲೆ ನಿಧಾನಕ್ಕೆ ಏರಿತು. ಹದಿನೈದು ಕಂತು ಮುಗಿದಾಗ ಅವನ ಹತ್ತಿರ 1,816 ಯೂನಿಟ್ ಇದ್ದವು. 90,000ವನ್ನು 1,816ರಿಂದ ಭಾಗಿಸಿದರೆ ಸರಾಸರಿ ಖರೀದಿ ಬೆಲೆ ಸುಮಾರು 49.56 ರೂಪಾಯಿ. ಮಾರಿದ ದಿನ, ಅಂದರೆ 2025ರ ಆಗಸ್ಟ್ 20ರಂದು ಎನ್‌ಎವಿ 58. ಎಲ್ಲ ಸೇರಿ 1,05,328 ರೂಪಾಯಿ. 15,328 ಲಾಭ, ಅದೇ ಆ 17 ಪರ್ಸೆಂಟ್.

23,200 ಬೇಕು ಅಂದಾಗ 58ರ ಲೆಕ್ಕದಲ್ಲಿ 400 ಯೂನಿಟ್ ಮಾರಿದರು. ಈ 400 ಎಲ್ಲಿಂದ ಬಂತು ಅನ್ನೋದೇ ಕಥೆ.

ಮೊದಲು ಜೂನ್ ಕಂತಿನ 120 ಯೂನಿಟ್ ಹೋದವು. 50ಕ್ಕೆ ಕೊಂಡು 58ಕ್ಕೆ ಮಾರಿದ್ದು, ಯೂನಿಟ್‌ಗೆ 8 ರೂಪಾಯಿ ಲಾಭ, ಒಟ್ಟು 960. ಆಮೇಲೆ ಜುಲೈನ 100. ಇವನ್ನು 60ಕ್ಕೆ ಕೊಂಡಿದ್ದ, ಹಾಗಾಗಿ ಇಲ್ಲಿ 200 ರೂಪಾಯಿ ನಷ್ಟ. ಆಮೇಲೆ ಆಗಸ್ಟ್‌ನ 120, ಮತ್ತೆ 960 ಲಾಭ. ಇಲ್ಲಿಗೆ 340 ಯೂನಿಟ್ ಆಯಿತು. ಇನ್ನೂ 60 ಬೇಕು. ಅವು ಸೆಪ್ಟೆಂಬರ್ ಕಂತಿನ 96ರಿಂದ ಬಂದವು. 62.50ಕ್ಕೆ ಕೊಂಡಿದ್ದು 58ಕ್ಕೆ ಹೋಯಿತು, ಯೂನಿಟ್‌ಗೆ ನಾಲ್ಕೂವರೆ ರೂಪಾಯಿ ನಷ್ಟ, 60ಕ್ಕೆ 270.

ಕೂಡಿ ಕಳೆದರೆ 1,450 ರೂಪಾಯಿ ಲಾಭ. ಅವನು ಬರೆದುಕೊಂಡಿದ್ದ 3,944 ಎಲ್ಲಿ, ಇದೆಲ್ಲಿ! ಆ್ಯಪ್‌ನ ಸರಾಸರಿ ಬೆಲೆಯನ್ನೇ ಸರಿಯಾಗಿ ಹಿಡಿದು ಲೆಕ್ಕ ಮಾಡಿದರೂ 3,376 ಬರುತ್ತಿತ್ತು, ಅದೂ ಹೊಂದುವುದಿಲ್ಲ. ಆ್ಯಪ್‌ನಲ್ಲಿ ಹಸಿರು ಕಾಣುತ್ತಿರುವಾಗಲೇ ಅದರೊಳಗಿನ ಎರಡು ಕಂತು ನಷ್ಟದಲ್ಲಿ ಮಾರಾಟವಾಗಿವೆ. ಇದನ್ನು ನಂಬಿಸೋಕೆ ಅವನಿಗೆ ಎರಡು ಸಲ ಲೆಕ್ಕ ಹೇಳಬೇಕಾಯಿತು.

ಹಾಗಾದರೆ ಉಳಿದ ಲಾಭ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಉಳಿದ 1,416 ಯೂನಿಟ್‌ಗಳಲ್ಲೇ ಇದೆ. ಅವುಗಳ ಖರೀದಿ ಹಣ 68,250, ಈಗಿನ ಬೆಲೆ 82,128, ಒಳಗೆ 13,878 ಲಾಭ ಕೂತಿದೆ. 13,878ಕ್ಕೆ 1,450 ಸೇರಿಸಿ ನೋಡಿ, ಅದೇ 15,328. ಫಿಫೊ ಒಟ್ಟು ಲಾಭವನ್ನು ಹೆಚ್ಚೂ ಮಾಡುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ. ಯಾವ ವರ್ಷದ ಲೆಕ್ಕಕ್ಕೆ ಎಷ್ಟು ಬೀಳುತ್ತದೆ ಅನ್ನೋದನ್ನು ಅದು ತೀರ್ಮಾನಿಸುತ್ತದೆ, ಅಷ್ಟೇ.

ಇವನಿಗೆ ಲಾಭ ಕಡಿಮೆ ಬಂತು ಅಂತ ಫಿಫೊ ಯಾವಾಗಲೂ ಹೂಡಿಕೆದಾರನ ಪರ ಅಂದುಕೊಳ್ಳಬೇಡಿ. ಇವನು ಶುರು ಮಾಡಿದ್ದು ಬೆಲೆ ಏರಿದ್ದಾಗ, ಅದಕ್ಕೇ ಹಳೆಯ ಕಂತುಗಳು ದುಬಾರಿ. ಹತ್ತು ವರ್ಷದಿಂದ ಕಟ್ಟುತ್ತಾ ಬಂದವರ ಕಥೆ ಸಾಮಾನ್ಯವಾಗಿ ಉಲ್ಟಾ. ಮೊದಲ ಕಂತುಗಳನ್ನು 20 ರೂಪಾಯಿಗೆ ಕೊಂಡಿದ್ದಾರೆ, ಈಗ ಎನ್‌ಎವಿ 100 ಅಂತಿಟ್ಟುಕೊಳ್ಳಿ. ಸರಾಸರಿ ಬೆಲೆ 50 ಇರಬಹುದು, ಆ್ಯಪ್ 'ಹಣ ಎರಡು ಪಟ್ಟಾಗಿದೆ' ಅನ್ನುತ್ತದೆ. ಅದನ್ನು ನೋಡಿ, ಒಂದು ಲಕ್ಷ ತೆಗೆದರೆ ಲಾಭ ಐವತ್ತು ಸಾವಿರ ಅಂತ ಅಂದಾಜು ಮಾಡುತ್ತಾರೆ. ಆದರೆ ಮಾರಾಟವಾಗೋದು 20 ರೂಪಾಯಿಯ ಯೂನಿಟ್‌ಗಳು, ಲಾಭ ಎಂಬತ್ತು ಸಾವಿರ. ತೆರಿಗೆ ವಿನಾಯಿತಿಯ ಮಿತಿಯೊಳಗೆ ಇರುತ್ತೇನೆ ಅಂತ ಲೆಕ್ಕ ಹಾಕಿ ತೆಗೆಯುವವರು ಎಡವೋದು ಇಲ್ಲೇ.

ಲಾಭ ಎಷ್ಟು ಅನ್ನೋದು ಅರ್ಧ ಲೆಕ್ಕ. ಇನ್ನರ್ಧ, ಯಾವ ಲಾಭ ಅನ್ನೋದು.

ಈಕ್ವಿಟಿ ಫಂಡ್‌ನಲ್ಲಿ ಯೂನಿಟ್ 12 ತಿಂಗಳಿಗಿಂತ ಜಾಸ್ತಿ ನಿಮ್ಮ ಹತ್ತಿರ ಇದ್ದರೆ ದೀರ್ಘಾವಧಿ, ಇಲ್ಲದಿದ್ದರೆ ಅಲ್ಪಾವಧಿ. 2024ರ ಜುಲೈ 23ರಿಂದ ಆಚೆಗೆ ಮಾರಿದ್ದಕ್ಕೆ ಅಲ್ಪಾವಧಿ ಲಾಭಕ್ಕೆ 20 ಪರ್ಸೆಂಟ್ ತೆರಿಗೆ. ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ 12.5 ಪರ್ಸೆಂಟ್. ಈ 1.25 ಲಕ್ಷ ಒಂದೊಂದು ಫಂಡ್‌ಗೂ ಬೇರೆ ಬೇರೆ ಸಿಗುವುದಿಲ್ಲ. ಷೇರು, ಈಕ್ವಿಟಿ ಫಂಡ್ ಎಲ್ಲ ಸೇರಿ ಒಬ್ಬರಿಗೆ ವರ್ಷಕ್ಕೆ ಒಂದೇ.

ಇಲ್ಲಿ ಜನ ಮಾಡುವ ತಪ್ಪು ಏನಂದರೆ, ಎಸ್‌ಐಪಿ ಶುರುವಾಗಿ ವರ್ಷದ ಮೇಲಾಯಿತು, ಹಾಗಾಗಿ ಎಲ್ಲ ದೀರ್ಘಾವಧಿ ಅಂದುಕೊಳ್ಳೋದು. ಹದಿನೈದು ತಿಂಗಳ ಎಸ್‌ಐಪಿಯಲ್ಲಿ ವರ್ಷ ದಾಟಿದ್ದು ಮೊದಲ ಮೂರು ಕಂತು ಮಾತ್ರ. ಗಡಿಯಾರ ಪ್ರತಿ ಕಂತಿಗೂ ಬೇರೆ. ಸ್ನೇಹಿತನ 400 ಯೂನಿಟ್‌ನಲ್ಲಿ 340 ಗೆರೆ ದಾಟಿದ್ದವು, ಕೊನೆಯ 60 ದಾಟಿರಲಿಲ್ಲ. 2024ರ ಸೆಪ್ಟೆಂಬರ್ 10ರ ಆ ಕಂತು ದೀರ್ಘಾವಧಿ ಆಗಬೇಕಾದರೆ 2025ರ ಸೆಪ್ಟೆಂಬರ್ 11ರವರೆಗೆ ಕಾಯಬೇಕಿತ್ತು. ಅದೇ ತಾರೀಕಿನಂದು ಮಾರಿದರೂ ಸಾಲದು, 12 ತಿಂಗಳಿಗಿಂತ ಜಾಸ್ತಿ ಆಗಬೇಕು. ನಾನಂತೂ ತುದಿಯಲ್ಲಿ ನಿಂತು ಮಾರುವುದಿಲ್ಲ, ಇನ್ನೂ ಒಂದೆರಡು ದಿನ ಬಿಟ್ಟೇ ಮಾರುತ್ತೇನೆ.

ಆ 60 ಯೂನಿಟ್‌ನಿಂದ ಇನ್ನೂ ಒಂದು ಕೆಲಸ ಆಯಿತು. ಅವನ ಫಂಡ್‌ನಲ್ಲಿ ಒಂದು ವರ್ಷದೊಳಗೆ ತೆಗೆದರೆ 1 ಪರ್ಸೆಂಟ್ ಎಕ್ಸಿಟ್ ಲೋಡ್ ಅನ್ನೋ ಶುಲ್ಕ ಇತ್ತು. ಇದಕ್ಕೂ ಫಿಫೊನೇ ಲೆಕ್ಕ. ಹಳೆಯ 340 ಯೂನಿಟ್‌ಗೆ ಏನೂ ಇಲ್ಲ, ಆ 60ಕ್ಕೆ ಮಾತ್ರ ಬಿತ್ತು: 3,480 ರೂಪಾಯಿಗೆ 34 ರೂಪಾಯಿ 80 ಪೈಸೆ. ಇದು ಮಾರಾಟದ ಬೆಲೆಯಲ್ಲೇ ಕಡಿಮೆಯಾಗುವುದರಿಂದ ಅವನ ಅಲ್ಪಾವಧಿ ನಷ್ಟ 270ರಿಂದ 304.80ಕ್ಕೆ ಏರಿತು. ಬ್ಯಾಂಕಿಗೆ 23,200 ಬರಲಿಲ್ಲ, 23,164.97 ಬಂತು. ಉಳಿದ 23 ಪೈಸೆ ಸೆಕ್ಯುರಿಟೀಸ್ ಟ್ರಾನ್ಸಾಕ್ಷನ್ ಟ್ಯಾಕ್ಸ್, ಮಾರಿದ ಮೊತ್ತದ 0.001 ಪರ್ಸೆಂಟ್. ಇದನ್ನು ಲಾಭದಲ್ಲಿ ಕಳೆಯುವ ಹಾಗಿಲ್ಲ. 23 ಪೈಸೆಗೆ ಯಾರೂ ಜಗಳಕ್ಕೆ ಹೋಗಲ್ಲ ಬಿಡಿ, ಆದರೆ ಅಂಕಿ ಯಾಕೆ ಹೊಂದುತ್ತಿಲ್ಲ ಅಂತ ತಲೆಕೆಡಿಸಿಕೊಳ್ಳುವವರಿಗೆ ಗೊತ್ತಿರಲಿ ಅಂತ ಹೇಳಿದೆ. ಕೊಳ್ಳುವಾಗಲೂ ಹೀಗೇ ಒಂದು ಸಣ್ಣ ಕಡಿತ ಇದೆ. 2020ರ ಜುಲೈನಿಂದ ಖರೀದಿಗೆ 0.005 ಪರ್ಸೆಂಟ್ ಸ್ಟಾಂಪ್ ಡ್ಯೂಟಿ, 6,000ಕ್ಕೆ 30 ಪೈಸೆ. ಅದಕ್ಕೇ ಸ್ಟೇಟ್‌ಮೆಂಟಿನಲ್ಲಿ 120 ಯೂನಿಟ್ ಇರಬೇಕಾದ ಕಡೆ 119.994 ಅಂತ ಇರುತ್ತದೆ.

ಕೊನೆಗೆ ಅವನ ತೆರಿಗೆ ಲೆಕ್ಕ: ದೀರ್ಘಾವಧಿ ಲಾಭ 1,720, ಅಲ್ಪಾವಧಿ ನಷ್ಟ 304.80. ಅಲ್ಪಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲೂ ವಜಾ ಮಾಡಬಹುದು (ದೀರ್ಘಾವಧಿ ನಷ್ಟವನ್ನು ಮಾತ್ರ ಅಲ್ಪಾವಧಿ ಲಾಭದಲ್ಲಿ ವಜಾ ಮಾಡುವ ಹಾಗಿಲ್ಲ). ಉಳಿಯೋದು 1,415.20. ಆ ವರ್ಷ ಬೇರೇನೂ ಮಾರದಿದ್ದರೆ 1.25 ಲಕ್ಷದೊಳಗೇ ಇದೆ, ತೆರಿಗೆ ಸೊನ್ನೆ.

ತೆರಿಗೆ ಸೊನ್ನೆಯಾದರೂ ರಿಟರ್ನ್‌ನಲ್ಲಿ ತೋರಿಸಬೇಕು. ಇಲ್ಲೂ ಆ 60 ಯೂನಿಟ್ ತರಲೆ ಮಾಡಿದವು. 1.25 ಲಕ್ಷದವರೆಗಿನ ದೀರ್ಘಾವಧಿ ಲಾಭವನ್ನು ಸಂಬಳದಾರರ ಸುಲಭದ ಐಟಿಆರ್-1ರಲ್ಲೇ ತೋರಿಸಲು 2024-25ರ ಆದಾಯದ ರಿಟರ್ನ್‌ನಿಂದ ಅವಕಾಶ ಬಂದಿದೆ. ಅಲ್ಪಾವಧಿ ಲಾಭವೋ ನಷ್ಟವೋ ಇದ್ದರೆ ಆ ಫಾರ್ಮ್ ನಡೆಯುವುದಿಲ್ಲ, ಐಟಿಆರ್-2ಕ್ಕೆ ಹೋಗಬೇಕು. 340 ಯೂನಿಟ್‌ಗೆ ನಿಲ್ಲಿಸಿ 19,720 ರೂಪಾಯಿ ತೆಗೆದಿದ್ದರೆ ಎಕ್ಸಿಟ್ ಲೋಡೂ ಇರುತ್ತಿರಲಿಲ್ಲ, ಫಾರ್ಮೂ ಬದಲಾಗುತ್ತಿರಲಿಲ್ಲ. ಉಳಿದ ಮೂರೂವರೆ ಸಾವಿರ ಅವನಿಗೆ ಅಷ್ಟು ತುರ್ತಿತ್ತಾ ಅಂತ ಕೇಳಿದೆ. "ಸುಮ್ನೆ ರೌಂಡ್ ಆಗಿ ನಾನೂರು ಯೂನಿಟ್ ಹಾಕಿದೆ" ಅಂದ.

ಮುಂದಿನ ಸಲ ಮಾರುವಾಗ ಲೆಕ್ಕ ಕೆಡೋದು ಒಡೆದ ಕಂತಿನಲ್ಲಿ. ಸೆಪ್ಟೆಂಬರ್ ಕಂತಿನ 96ರಲ್ಲಿ 60 ಹೋಗಿ 36 ಉಳಿದವು. ಆ 36ಕ್ಕೆ ಈಗಲೂ ಅದೇ ತಾರೀಕು, ಅದೇ 62.50 ಬೆಲೆ. ಅವನು ಮತ್ತೆ 100 ಯೂನಿಟ್ ಮಾರಿದರೆ ಸಾಲಿನ ತಲೆಯಲ್ಲಿ ನಿಂತಿರೋದು ಈ 36, ಉಳಿದ 64 ಅಕ್ಟೋಬರ್ ಕಂತಿನಿಂದ ಬರುತ್ತವೆ. ತಾವೇ ಎಕ್ಸೆಲ್‌ನಲ್ಲಿ ಲೆಕ್ಕ ಇಡುವವರು ಹೊಸ ವರ್ಷಕ್ಕೆ ಹೊಸ ಹಾಳೆ ತೆರೆದು ಈ ಚೂರನ್ನು ಮರೆತು ಬಿಡುತ್ತಾರೆ. ಒಮ್ಮೆ ಜಾರಿದರೆ ಅಲ್ಲಿಂದಾಚೆ ಪ್ರತಿ ಮಾರಾಟದ ಬೆಲೆಯೂ ತಪ್ಪುತ್ತಾ ಹೋಗುತ್ತದೆ. ಪತ್ತೆ ಮಾಡೋದು ಸುಲಭ: ನಿಮ್ಮ ಹಾಳೆಯಲ್ಲಿ ಉಳಿದಿರುವ ಯೂನಿಟ್‌ಗಳನ್ನೆಲ್ಲ ಕೂಡಿ, ಫಂಡ್ ಸ್ಟೇಟ್‌ಮೆಂಟಿನ ಬ್ಯಾಲೆನ್ಸ್ ಯೂನಿಟ್ ಜೊತೆ ಮೂರನೇ ದಶಮಾಂಶದವರೆಗೆ ಹೋಲಿಸಿ. ಹೊಂದದಿದ್ದರೆ ಎಲ್ಲೋ ಒಂದು ಚೂರು ಕಳೆದಿದೆ.

ಹಾಗೆ ನೋಡಿದರೆ ಈ ಲೆಕ್ಕವನ್ನು ಕೈಯಾರೆ ಮಾಡಬೇಕಾಗಿಲ್ಲ. ಕ್ಯಾಮ್ಸ್, ಕೆಫಿನ್‌ಟೆಕ್ ಜಾಲತಾಣಗಳಲ್ಲಿ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್ ಕೇಳಿದರೆ ಇಮೇಲ್‌ಗೆ ಬರುತ್ತದೆ. ಅದರಲ್ಲಿ ಒಂದು ಮಾರಾಟಕ್ಕೆ ಒಂದೇ ಸಾಲು ಇರುವುದಿಲ್ಲ. ಎಷ್ಟು ಕಂತು ಮುಟ್ಟಿದೆಯೋ ಅಷ್ಟು ಸಾಲು, ಪ್ರತಿಯೊಂದರಲ್ಲೂ ಖರೀದಿ ದಿನ, ಖರೀದಿ ಬೆಲೆ, ಮಾರಿದ ಬೆಲೆ. ಸ್ನೇಹಿತನ ಒಂದು ಮಾರಾಟ ಅಲ್ಲಿ ನಾಲ್ಕು ಸಾಲು. ಅದನ್ನು ನೋಡಿ, ನಾಲ್ಕು ಸಲ ಮಾರಿದ ಹಾಗೆ ತಪ್ಪಾಗಿ ಬಂದಿದೆ ಅಂತ ಗಾಬರಿಯಾಗುವವರಿದ್ದಾರೆ. ಸಾಲುಗಳ ಯೂನಿಟ್ ಕೂಡಿದರೆ ನೀವು ಮಾರಿದಷ್ಟೇ ಬರಬೇಕು, ಅಷ್ಟು ನೋಡಿಕೊಂಡರೆ ಸಾಕು. ಒಂದು ಫಂಡ್ ಕ್ಯಾಮ್ಸ್‌ನಲ್ಲಿ, ಇನ್ನೊಂದು ಕೆಫಿನ್‌ಟೆಕ್‌ನಲ್ಲಿ ಇರಬಹುದು, ಎರಡೂ ಕಡೆ ತರಿಸಿಕೊಳ್ಳಿ. 2018ರ ಜನವರಿ 31 ಅಥವಾ ಅದಕ್ಕೂ ಮೊದಲು ಕೊಂಡ ಈಕ್ವಿಟಿ ಯೂನಿಟ್ ಇದ್ದರೆ ಖರೀದಿ ಬೆಲೆಗೆ ಬೇರೆ ನಿಯಮ ಇದೆ. ಆ ದಿನದ ಎನ್‌ಎವಿಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ ಸಾಲುಗಳನ್ನು ಸ್ಟೇಟ್‌ಮೆಂಟ್ ನೋಡಿಯೇ ತುಂಬೋದು ಒಳ್ಳೆಯದು.

ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ: ನನಗೆ ಬೇಕಾದ ಕಂತನ್ನೇ ಮಾರಬಹುದಾ? ಒಂದೇ ಫೋಲಿಯೊ ಒಳಗೆ ಆಗುವುದಿಲ್ಲ. ಆದರೆ ಹಳೆಯದು ಮೊದಲು ಅನ್ನೋ ಸಾಲು ಇರೋದು ಫೋಲಿಯೊದಿಂದ ಫೋಲಿಯೊಗೆ, ಅದರಲ್ಲೂ ಸ್ಕೀಮ್‌ನಿಂದ ಸ್ಕೀಮ್‌ಗೆ ಬೇರೆ ಬೇರೆ. ಒಂದೇ ಸ್ಕೀಮ್ ನಿಮ್ಮ ಎರಡು ಫೋಲಿಯೊಗಳಲ್ಲಿ ಇದ್ದರೆ, ಯಾವುದರಿಂದ ತೆಗೆಯಬೇಕು ಅನ್ನೋದು ನಿಮ್ಮ ಇಷ್ಟ. ತೆಗೆದ ಫೋಲಿಯೊದ ಹಳೆಯ ಯೂನಿಟ್ ಮಾತ್ರ ಹೋಗುತ್ತದೆ, ಇನ್ನೊಂದರಲ್ಲಿ ಅದಕ್ಕಿಂತ ಹಳೆಯದಿದ್ದರೂ ಅದನ್ನು ಮುಟ್ಟುವುದಿಲ್ಲ. ಡಿಮ್ಯಾಟ್ ಖಾತೆಗಳಿಗೂ ಹೀಗೇ ಖಾತೆಯಿಂದ ಖಾತೆಗೆ ಬೇರೆ ಅಂತ ನೇರ ತೆರಿಗೆ ಮಂಡಳಿ 1998ರ ಸುತ್ತೋಲೆಯಲ್ಲೇ ಹೇಳಿದೆ. ಹಾಗಂತ ಇದಕ್ಕಾಗಿಯೇ ಹತ್ತು ಫೋಲಿಯೊ ತೆರೆಯಬೇಡಿ, ಆಮೇಲೆ ಲೆಕ್ಕ ಕೂಡಿಸುವವರು ನೀವೇ.

ಇನ್ನು ಸ್ವಿಚ್. ಏಜೆಂಟರ ಕಮಿಷನ್ ಸೇರಿರುವ ರೆಗ್ಯುಲರ್ ಪ್ಲಾನ್‌ನಿಂದ ಕಮಿಷನ್ ಇಲ್ಲದ ಡೈರೆಕ್ಟ್‌ಗೆ ಹೋದರೆ ಖರ್ಚು ಕಡಿಮೆ ಅಂತ ಎಲ್ಲೋ ಓದಿ ಒಂದೇ ಗುಂಡಿ ಒತ್ತಿ ಬಿಡುತ್ತಾರೆ. ಫಂಡ್ ಅದೇ, ಕಂಪನಿ ಅದೇ, ಹಣವೂ ಬ್ಯಾಂಕಿಗೆ ಬಂದಿಲ್ಲ, ಆದರೂ ತೆರಿಗೆಯ ಲೆಕ್ಕದಲ್ಲಿ ಅದು ಮಾರಿ ಮತ್ತೆ ಕೊಂಡಂತೆ. ಸಾಲಿನಲ್ಲಿದ್ದ ಕಂತುಗಳೆಲ್ಲ ಆ ದಿನವೇ ಮಾರಾಟವಾದವು, ಹೊಸ ಪ್ಲಾನ್‌ನಲ್ಲಿ ಎಲ್ಲಕ್ಕೂ ಅದೇ ಒಂದು ತಾರೀಕು, 12 ತಿಂಗಳ ಎಣಿಕೆ ಮತ್ತೆ ಮೊದಲಿಂದ. ಸ್ನೇಹಿತ ಉಳಿದ 1,416 ಯೂನಿಟ್‌ಗಳನ್ನು ಡೈರೆಕ್ಟ್‌ಗೆ ಹಾಕೋಣ ಅಂತಿದ್ದ. ಅವುಗಳಲ್ಲಿ ಆಗ ಒಂದೂ ವರ್ಷ ದಾಟಿರಲಿಲ್ಲ. ಒಳಗಿದ್ದ 13,878 ಲಾಭ ಪೂರ್ತಿ ಅಲ್ಪಾವಧಿ ಆಗಿ 20 ಪರ್ಸೆಂಟ್ ತೆರಿಗೆಗೆ ಸಿಗುತ್ತಿತ್ತು, ಮೇಲೆ 82,128ಕ್ಕೆ 1 ಪರ್ಸೆಂಟ್ ಎಕ್ಸಿಟ್ ಲೋಡ್. ಹಳೆಯದನ್ನು ಅಲ್ಲೇ ಬಿಟ್ಟು, ಹೊಸ ಕಂತುಗಳನ್ನು ಮಾತ್ರ ಡೈರೆಕ್ಟ್‌ನಲ್ಲಿ ಶುರು ಮಾಡು, ಹಳೆಯವು ಒಂದೊಂದೇ ವರ್ಷ ದಾಟಿದ ಹಾಗೆ ಸಾಗಿಸು ಅಂದೆ. ಸೆಪ್ಟೆಂಬರ್ 12ಕ್ಕೆ ಫೋನ್‌ನಲ್ಲಿ ಅಲಾರಂ ಇಟ್ಟುಕೊಂಡ, ಆ 36 ಯೂನಿಟ್‌ಗೆ.